ಸೌಟು ಎಷ್ಟನೆಯ ಪದ?

ಹೋದ ಬೇಸಿಗೆ ರಜೆಯಲ್ಲಿ ಮಗಳನ್ನು ಅರಸೀಕೆರೆಗೆ, ನನ್ನ ಅಮ್ಮನ ಹತ್ತಿರ ಹದಿನೈದು ದಿನ ಬಿಟ್ಟು ಬಂದಿದ್ದೆ. ಹೊರಡುವ ಮೊದಲು ನನಗೆ ಸ್ವಲ್ಪ ಹೆಮ್ಮೆಯೇ ಇತ್ತು. ನಮ್ಮದು ಪುಣೆಯ ಮನೆ, ಹೆಂಡತಿ ಮರಾಠಿಯವಳು, ಅಡುಗೆಮನೆಯ ಭಾಷೆ ಮರಾಠಿ. ಆದರೂ ಒಂದು ವರ್ಷ ಭಾನುವಾರದ ಕನ್ನಡ ತರಗತಿಗೆ ಹೋಗಿ ಮಗಳು ಪತ್ರಿಕೆಯ ತಲೆಬರಹಗಳನ್ನು ಓದುವಷ್ಟು ಕಲಿತಿದ್ದಳು. ಆ ತರಗತಿಯ ಪದಪಟ್ಟಿ ಮಾಡಿದವನು ನಾನೇ.

ಮೂರನೆಯ ದಿನ ಅಮ್ಮ ಒಲೆಯ ಮುಂದೆ ನಿಂತು, "ಆ ಸೌಟು ಕೊಡು ಮಗಾ" ಅಂದಳಂತೆ. ಮಗಳು ಸುಮ್ಮನೆ ನಿಂತಳು. ಪಳಿ ಅಂದಿದ್ದರೆ ತಟ್ಟನೆ ಕೊಡುತ್ತಿದ್ದಳು, ಮರಾಠಿಯಲ್ಲಿ ಅದೇ ಸೌಟು. ಅಮ್ಮ ಇನ್ನೊಮ್ಮೆ ಕೇಳಿ, "ಇರಲಿ ಬಿಡು" ಎಂದು ತಾನೇ ತೆಗೆದುಕೊಂಡಳು. ಅಷ್ಟಕ್ಕೇ ಮುಗಿದಿದ್ದರೆ ಏನೂ ಇರಲಿಲ್ಲ. ಆಮೇಲೆ ಅಮ್ಮ ಅವಳನ್ನು ಏನನ್ನೂ ಕೇಳುವುದನ್ನೇ ಬಿಟ್ಟಳು. ಊಟಕ್ಕೆ ಕೈಸನ್ನೆ, ಸ್ನಾನಕ್ಕೆ ಕೈಸನ್ನೆ. ಕರೆದುಕೊಂಡು ಬರಲು ಹೋದಾಗ ಅಮ್ಮ ನನಗೆ ಹೇಳಿದ್ದು ಇಷ್ಟೇ: "ಪಾಪ, ಅದಕ್ಕೆ ತೊಂದರೆ ಯಾಕೆ ಅಂತ ಸುಮ್ಮನಿದ್ದೆ ಕಣೋ."

ಪುಣೆಗೆ ಬಂದು ನನ್ನ ಪಟ್ಟಿಯನ್ನು ತೆರೆದು ನೋಡಿದೆ. ಮೊದಲ ಸಾವಿರ ಪದಗಳಲ್ಲಿ ಸರ್ಕಾರವಿತ್ತು, ಜಿಲ್ಲೆ ಇತ್ತು, ಅಭಿವೃದ್ಧಿಯೂ ಇತ್ತು. ಸೌಟು ಇರಲಿಲ್ಲ. ಪಟ್ಟಿಯಲ್ಲಿ ಲೆಕ್ಕದ ತಪ್ಪೇನೂ ಇರಲಿಲ್ಲ. ಹಾಗಿದ್ದರೆ ತಪ್ಪು ಎಲ್ಲಿತ್ತು, ಅದು ಯಾರದು ಎಂಬುದು ಈ ಬರಹದ ಪ್ರಶ್ನೆ.

ಪಟ್ಟಿ ಮಾಡುವ ವಿಧಾನ ಹೊರಗಿನಿಂದ ಸರಳ. ಬೇಕಾದಷ್ಟು ಪಠ್ಯ ಒಟ್ಟುಮಾಡಬೇಕು, ಪದಗಳಾಗಿ ಒಡೆಯಬೇಕು, ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಬೇಕು. ಈ ಸಂಗ್ರಹವನ್ನೇ ಭಾಷಾವಿಜ್ಞಾನದವರು ಕಾರ್ಪಸ್ ಅನ್ನುತ್ತಾರೆ. ನನ್ನ ಕಾರ್ಪಸ್ಸಿನಲ್ಲಿ ಇದ್ದದ್ದು ಸುಲಭವಾಗಿ ಸಿಕ್ಕಿದ್ದು: ಪತ್ರಿಕಾ ಬರಹಗಳು ಮತ್ತು ವಿಕಿಪೀಡಿಯದ ಲೇಖನಗಳು. ಎಣಿಸಲು ಪೈಥಾನಿನ ಐದು ಸಾಲು ಸಾಕು.

```python
import re, unicodedata
from collections import Counter
text = unicodedata.normalize("NFC", text)
words = re.findall(r"[\u0C80-\u0CFF\u200C\u200D]+", text)
print(Counter(words).most_common(20))
```

ಈ ಐದು ಸಾಲಿನಲ್ಲೇ ಎರಡು ಗುಂಡಿಗಳಿವೆ. ಇಂಗ್ಲಿಷಿಗೆ ಎಲ್ಲರೂ ಬರೆಯುವ `\w+` ಅನ್ನೇ ನಾನೂ ಮೊದಲು ಬರೆದಿದ್ದೆ. ಪೈಥಾನಿನ `re` ನಮ್ಮ ಸ್ವರಚಿಹ್ನೆಗಳನ್ನು, ವಿರಾಮವನ್ನು ಅಕ್ಷರವೆಂದು ಒಪ್ಪುವುದಿಲ್ಲ. ಹಾಗಾಗಿ "ಮನೆಗೆ" ಎಂಬುದು "ಮನ" ಮತ್ತು "ಗ" ಎಂದು ಎರಡು ತುಂಡಾಗುತ್ತದೆ. ಪಟ್ಟಿಯ ತುದಿಯಲ್ಲಿ ಒಂಟಿ ಅಕ್ಷರಗಳು ತುಂಬಿಕೊಂಡಿದ್ದರೆ ಇದೇ ಆಗಿದೆ ಎಂದು ತಿಳಿಯಬೇಕು. ಇನ್ನೊಂದು ಗುಂಡಿ ಕಣ್ಣಿಗೆ ಕಾಣುವುದೇ ಇಲ್ಲ. "ಕೊ" ಎಂಬುದರ ಒತ್ವವನ್ನು ಕಂಪ್ಯೂಟರಿನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎರಡು ಸಂಕೇತಗಳ ಜೋಡಿಯಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ, ಎಣಿಕೆಯಲ್ಲಿ ಬೇರೆ ಬೇರೆ. ಮೂರನೆಯ ಸಾಲು ಇರುವುದು ಅವನ್ನು ಒಂದು ಮಾಡುವುದಕ್ಕೆ.

ಇವು ಯಂತ್ರದ ತೊಂದರೆಗಳು, ತಿದ್ದಿದರೆ ಸರಿಹೋಗುತ್ತವೆ. ತಿದ್ದಿ ಮುಗಿಸಿದ ಮೇಲೆ ಕನ್ನಡದ್ದೇ ಆದ ತೊಂದರೆ ಶುರುವಾಗುತ್ತದೆ. ಈ ನಾಲ್ಕು ವಾಕ್ಯಗಳನ್ನು ನೋಡಿ: "ಅಮ್ಮ ಮನೆಗೆ ಬಂದಳು. ಮನೆಯಲ್ಲಿ ಯಾರೂ ಇರಲಿಲ್ಲ. ಅಜ್ಜಿ ಮನೆಯಿಂದ ಹೊರಗೆ ಹೋಗಿದ್ದಳು. ಮನೆ ಖಾಲಿ." ಒಟ್ಟು 12 ಪದಗಳು. ಮೇಲಿನ ಐದು ಸಾಲಿಗೆ ಇದನ್ನು ಕೊಟ್ಟರೆ 12 ಬೇರೆ ಬೇರೆ ಪದಗಳು, ಪ್ರತಿಯೊಂದೂ ಒಂದೊಂದು ಸಲ ಬಂದಿದೆ ಎನ್ನುತ್ತದೆ. ಅಂದರೆ ಯಾವುದೂ ಯಾವುದಕ್ಕಿಂತ ಮುಖ್ಯವಲ್ಲ. ಓದಿದ ಯಾವ ಮಗುವಾದರೂ ಇದು ಮನೆಯ ಕಥೆ, ಮನೆ ನಾಲ್ಕು ಸಲ ಬಂದಿದೆ ಎಂದು ಹೇಳುತ್ತದೆ. ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವ ನಮ್ಮ ಭಾಷೆಯಲ್ಲಿ ಒಂದು ಪದದ ಎಣಿಕೆ ಹತ್ತಾರು ರೂಪಗಳಲ್ಲಿ ಹಂಚಿಹೋಗುತ್ತದೆ. "ಮತ್ತು", "ಆದರೆ", "ಈ" ತರಹದ ರೂಪ ಬದಲಿಸದ ಪದಗಳು ಪೂರ್ತಿ ಮತ ಒಟ್ಟುಹಾಕಿಕೊಂಡು ಮೇಲೆ ಕೂರುತ್ತವೆ.

ಆದ್ದರಿಂದ ರೂಪಗಳನ್ನು ಮೂಲಪದಕ್ಕೆ ಸೇರಿಸಿ ಎಣಿಸಬೇಕು. ಸೇರಿಸುವಾಗಲೇ ನಾವು ತೀರ್ಮಾನ ಮಾಡಲು ತೊಡಗಿರುತ್ತೇವೆ. ಮನೆಗೆ, ಮನೆಯಲ್ಲಿ, ಮನೆಯಿಂದ, ಇವೆಲ್ಲ ಮನೆಯೇ, ಸರಿ. "ಮನೆಯವರು"? ಪಕ್ಕದ ಮನೆಯವರು ಎಂದರೆ ಅಲ್ಲಿ ವಾಸಿಸುವವರು. "ನಮ್ಮ ಮನೆಯವರು ಊರಿಗೆ ಹೋಗಿದ್ದಾರೆ" ಎಂದು ಹೆಂಗಸೊಬ್ಬಳು ಹೇಳಿದರೆ ಅದು ಗಂಡ. ಮನೆ ಎಂಬ ಪದ ಗೊತ್ತಿದ್ದ ಮಾತ್ರಕ್ಕೆ ಕಲಿಯುವವರಿಗೆ ಇದು ಗೊತ್ತಾಗುವುದಿಲ್ಲ. ಇದನ್ನು ಮನೆಯ ಲೆಕ್ಕಕ್ಕೆ ಸೇರಿಸಿದರೆ ಮನೆಗೆ ಲಾಭ, "ಮನೆಯವರು" ಪಟ್ಟಿಯಿಂದಲೇ ಮಾಯ. ಎಣಿಕೆ ತಟಸ್ಥ ಎಂದು ಹೇಳುವವರು ಇಲ್ಲಿ ಒಮ್ಮೆ ನಿಲ್ಲಬೇಕು. ಯಾವುದನ್ನು ಒಂದು ಎಂದು ಎಣಿಸಬೇಕು ಎಂಬುದನ್ನು ಎಣಿಕೆ ಹೇಳುವುದಿಲ್ಲ, ನಾವೇ ಹೇಳಬೇಕು.

ಇಷ್ಟೆಲ್ಲ ಮಾಡಿದ ಮೇಲೂ ನನ್ನ ಪಟ್ಟಿಯಲ್ಲಿ "ಮತ್ತು" ತುಂಬಾ ಮೇಲೆ ಇತ್ತು. ಬರಹದಲ್ಲಿ ಅದು ಇದ್ದೇ ಇರುತ್ತದೆ. ಆದರೆ ನನ್ನ ಅಮ್ಮ "ಉಪ್ಪು ಮತ್ತು ಖಾರ" ಅಂದದ್ದನ್ನು ನಾನು ಈ ನಲವತ್ತು ಚಿಲ್ಲರೆ ವರ್ಷಗಳಲ್ಲಿ ಕೇಳಿಲ್ಲ. ಅವಳು "ಉಪ್ಪು ಖಾರ" ಅನ್ನುತ್ತಾಳೆ, ಇಲ್ಲವೇ "ಉಪ್ಪೂ ಖಾರಾನೂ" ಅನ್ನುತ್ತಾಳೆ. ನಾನು ಎಣಿಸಿದ್ದು ಕನ್ನಡವನ್ನಲ್ಲ, ಪತ್ರಿಕೆಯ ಕನ್ನಡವನ್ನು. ಹಾಗಾದರೆ ಮಾತನ್ನೇ ಎಣಿಸಿದರೆ ಎಲ್ಲ ಸರಿಹೋಗುತ್ತದೆಯೇ? ಈ ಪ್ರಶ್ನೆಗೆ ಎಪ್ಪತ್ತು ವರ್ಷಗಳ ಹಿಂದೆಯೇ ಫ್ರಾನ್ಸಿನಲ್ಲಿ ಉತ್ತರ ಸಿಕ್ಕಿತ್ತು.

1950ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿನ ಸರ್ಕಾರಕ್ಕೆ ವಸಾಹತುಗಳ ಜನರಿಗೆ, ವಿದೇಶಿಯರಿಗೆ ಬೇಗ ಫ್ರೆಂಚ್ ಕಲಿಸುವ ಒಂದು ಚಿಕ್ಕ ಪದಪಟ್ಟಿ ಬೇಕಾಗಿತ್ತು. ಭಾಷಾವಿಜ್ಞಾನಿ ಜಾರ್ಜ್ ಗೂಗೆನೈಮ್ ಅವರ ತಂಡ ಪುಸ್ತಕಗಳನ್ನು ಬದಿಗಿಟ್ಟು ಜನರ ಮಾತುಕತೆಗಳನ್ನು ಧ್ವನಿಮುದ್ರಣ ಮಾಡಿಕೊಂಡಿತು. 275 ಜನರ ಮಾತು, ಒಟ್ಟು ಸುಮಾರು 3 ಲಕ್ಷ 12 ಸಾವಿರ ಪದಗಳು. ಅಷ್ಟನ್ನೂ ಬರೆದುಕೊಂಡು ಎಣಿಸಿದರು. ಆ ಕಾಲಕ್ಕೆ ಅದು ದೊಡ್ಡ ಕೆಲಸ.

ಫಲಿತಾಂಶದಲ್ಲಿ ಕ್ರಿಯಾಪದಗಳು, ಸರ್ವನಾಮಗಳು, ವ್ಯಾಕರಣದ ಸಣ್ಣ ಪದಗಳು ಚೆನ್ನಾಗಿ ಬಂದವು. ಯಾರು ಮಾತಾಡಿದರೂ ಯಾವ ವಿಷಯವಾದರೂ ಅವು ಇದ್ದವು. ಆದರೆ ದಿನಬಳಕೆಯ ವಸ್ತುಗಳ ಹೆಸರುಗಳು ಕೈಕೊಟ್ಟವು. ಊಟದ ಮೇಜಿನ ಫೋರ್ಕಿನಂಥ ಪದವೂ ಎಣಿಕೆಯನ್ನು ನಂಬಿದರೆ ಕೈಗೆ ಸಿಗುವಂತಿರಲಿಲ್ಲ. ದಿನಾ ಫೋರ್ಕಿನಲ್ಲಿ ತಿನ್ನುವ ದೇಶದ ಮಾತಿನಲ್ಲೇ ಹೀಗೆ.

ಯೋಚಿಸಿದರೆ ಕಾರಣ ಸುಲಭ. ಕೈಗೆ ಸಿಗುವ ವಸ್ತುವಿನ ಹೆಸರು ಹೇಳುವ ಅಗತ್ಯ ಇಬ್ಬರು ಬಲ್ಲವರ ನಡುವೆ ಬೀಳುವುದಿಲ್ಲ. ಅದನ್ನು ಎತ್ತಿಕೊಳ್ಳುತ್ತೇವೆ, ಇಲ್ಲವೇ "ಅದು ಕೊಡು" ಅನ್ನುತ್ತೇವೆ. ಆ ವಸ್ತುವಿನ ಮಾತೇ ಬಂದಾಗ ಮಾತ್ರ ಹೆಸರು ಬೇಕು, ಆಗ ಅದು ಬೇಕೇ ಬೇಕು. ಅಂಥ ಪದ ವಿಷಯಕ್ಕೆ ಕಟ್ಟಿಬಿದ್ದದ್ದು. ಕ್ರಿಯಾಪದ ಎಲ್ಲ ಕಡೆ ಸ್ವಲ್ಪ ಸ್ವಲ್ಪ ಇರುತ್ತದೆ, ಸೌಟು ಒಂದೇ ಕಡೆ ಇರುತ್ತದೆ.

ಸಂಗ್ರಹವನ್ನು ಇನ್ನೂ ದೊಡ್ಡದು ಮಾಡಿದರೂ ಇದು ಪೂರ್ತಿ ಹೋಗುವುದಿಲ್ಲ, ಬೇರೆ ರೂಪದಲ್ಲಿ ಬರುತ್ತದೆ. ಒಂದು ಅಡುಗೆ ಪುಸ್ತಕವನ್ನು ನನ್ನ ಸಂಗ್ರಹಕ್ಕೆ ಸೇರಿಸಿದೆ, ಅದೊಂದರಲ್ಲೇ ಸೌಟು 40 ಸಲ ಬಂತು ಅನ್ನೋಣ. "ಬೇಸರ" ಎಂಬ ಪದವೂ 40 ಸಲ ಬಂದಿದೆ, ಆದರೆ 40 ಬೇರೆ ಬೇರೆ ಬರಹಗಳಲ್ಲಿ ಒಂದೊಂದು ಸಲ ಅನ್ನೋಣ. ಎಣಿಕೆಗೆ ಇವೆರಡೂ ಸಮ. ಅಡುಗೆ ಪುಸ್ತಕವನ್ನು ಹೊರಗೆ ತೆಗೆದರೆ ಸೌಟು ಸೊನ್ನೆ, ಬೇಸರ ಹಾಗೇ ಇರುತ್ತದೆ. ಹಾಗಾಗಿ ಬಲ್ಲವರು ಎಷ್ಟು ಸಲ ಎಂಬುದರ ಜೊತೆ ಎಷ್ಟು ಕಡೆ ಎಂಬುದನ್ನೂ ನೋಡುತ್ತಾರೆ. ಇದಕ್ಕೆ ಹರಡಿಕೆಯ ಲೆಕ್ಕ ಅನ್ನಬಹುದು. ಒಂದೇ ಪುಸ್ತಕದಿಂದ ಉಬ್ಬಿದ ಪದಗಳನ್ನು ಇದು ಕೆಳಗಿಳಿಸುತ್ತದೆ, ಇದು ಒಳ್ಳೆಯ ತಿದ್ದುಪಡಿ. ಆದರೆ ಗಮನಿಸಿ, ಇದು ಸೌಟನ್ನು ಇನ್ನೂ ಕೆಳಕ್ಕೆ ತಳ್ಳುತ್ತದೆ. ಲೆಕ್ಕ ನಿಖರವಾದಷ್ಟೂ ಅಜ್ಜಿಯ ಅಡುಗೆಮನೆ ದೂರವಾಗುತ್ತದೆ.

ಗೂಗೆನೈಮ್ ತಂಡದ ಪ್ರಾಮಾಣಿಕತೆ ನನಗೆ ಇಷ್ಟವಾಗುವುದು ಇಲ್ಲಿ. ಎಣಿಕೆ ಹೀಗೆ ಹೇಳುತ್ತಿದೆ, ಆದ್ದರಿಂದ ಫೋರ್ಕು ಮುಖ್ಯವಲ್ಲ ಎಂದು ಅವರು ಕೈತೊಳೆದುಕೊಳ್ಳಲಿಲ್ಲ. ತಮಗಿಷ್ಟ ಬಂದ ಪದಗಳನ್ನು ಕದ್ದು ಸೇರಿಸಲೂ ಇಲ್ಲ. ಇನ್ನೊಂದು ಪ್ರಶ್ನೆ ಕೇಳಿದರು. ಜನ ಯಾವ ಪದವನ್ನು ಹೆಚ್ಚು ಆಡುತ್ತಾರೆ ಎಂಬುದರ ಬದಲು, ಒಂದು ವಿಷಯ ಎತ್ತಿದರೆ ಅವರ ಮನಸ್ಸಿಗೆ ತಟ್ಟನೆ ಯಾವ ಪದಗಳು ಬರುತ್ತವೆ? 16 ವಿಷಯಗಳನ್ನು ಆರಿಸಿದರು: ಮೈಯ ಭಾಗಗಳು, ಬಟ್ಟೆ, ಮನೆ, ಅಡುಗೆಮನೆ, ಪ್ರಾಣಿಗಳು ಹೀಗೆ. ದೇಶದ ಬೇರೆ ಬೇರೆ ಭಾಗಗಳ ಶಾಲಾಮಕ್ಕಳಿಗೆ ಒಂದೊಂದು ವಿಷಯಕ್ಕೂ 20 ಪದ ಬರೆಯಿರಿ ಎಂದರು. ಹೆಚ್ಚು ಮಕ್ಕಳು ಬರೆದದ್ದು ಪಟ್ಟಿಗೆ ಬಂತು. ಇವಕ್ಕೆ ಅವರು ಕೊಟ್ಟ ಹೆಸರು ಲಭ್ಯ ಪದಗಳು. ಬಾಯಲ್ಲಿ ಹೆಚ್ಚು ಓಡಾಡದಿದ್ದರೂ ಕೇಳಿದ ಕೂಡಲೇ ಕೈಗೆ ಸಿಗುವವು ಎಂಬ ಅರ್ಥದಲ್ಲಿ. ಎರಡು ಎಣಿಕೆಗಳನ್ನು ಸೇರಿಸಿ, ಮೇಲೆ ಒಂದಿಷ್ಟು ವಿವೇಚನೆ ಬಳಸಿ ಸುಮಾರು 1500 ಪದಗಳ ಪಟ್ಟಿ ಮಾಡಿದರು.

ಆ ವಿಧಾನವನ್ನೇ ನಮ್ಮ ತರಗತಿಯಲ್ಲಿ ಸಣ್ಣದಾಗಿ ಮಾಡಿನೋಡಿದೆವು. ತರಗತಿಗೆ ಬರುವ ಮಕ್ಕಳ ಅಪ್ಪ ಅಮ್ಮ ಅಜ್ಜ ಅಜ್ಜಿಯರಿಗೆ ಎಂಟು ವಿಷಯ ಕೊಟ್ಟು, ಒಂದೊಂದಕ್ಕೂ 20 ಪದ ಬರೆಯಿರಿ, ಯೋಚಿಸಬೇಡಿ, ಬಂದದ್ದನ್ನು ಬರೆಯಿರಿ ಎಂದೆ. ಬರೆಯಲು ಬಾರದವರು ಫೋನಿನಲ್ಲಿ ಹೇಳಿದರು. ಅಡುಗೆಮನೆಯ ಹಾಳೆಗಳನ್ನು ಒಟ್ಟುಮಾಡಿದಾಗ ಸೌಟು ಮೇಲಿನ ಸಾಲಿನಲ್ಲೇ ಇತ್ತು. ಒಬ್ಬ ಅಜ್ಜಿ ಸಟ್ಟುಗ ಎಂದು ಬರೆಸಿದ್ದನ್ನು ನಾನು ಸೌಟಿನ ಲೆಕ್ಕಕ್ಕೆ ಸೇರಿಸಿದ್ದೆ. ಅವರು ಫೋನು ಮಾಡಿ, ಸೌಟೇ ಬೇರೆ ಸಟ್ಟುಗವೇ ಬೇರೆ ಎಂದು ನನಗೆ ಪಾಠ ಹೇಳಿದರು. ಮತ್ತೆ ಎರಡು ಸಾಲು ಮಾಡಿದೆ.

ಆಮೇಲೆ ತರಕಾರಿಯ ಹಾಳೆ ತೆರೆದೆ. ಅಲ್ಲಿ ಈರುಳ್ಳಿ ನಿರೀಕ್ಷೆಗಿಂತ ಕೆಳಗಿತ್ತು. ನೋಡಿದರೆ, ಮೈಸೂರು ಬೆಂಗಳೂರು ಕಡೆಯವರು ಈರುಳ್ಳಿ ಎಂದು ಬರೆದಿದ್ದರು, ಕರಾವಳಿಯವರು ನೀರುಳ್ಳಿ, ಧಾರವಾಡ ಕಲಬುರಗಿ ಕಡೆಯವರು ಉಳ್ಳಾಗಡ್ಡಿ. ಬಹುಪಾಲು ಎಲ್ಲರ ತಲೆಗೂ ಮೊದಲು ಬಂದ ವಸ್ತು, ಮೂರು ಹೆಸರುಗಳಲ್ಲಿ ಹಂಚಿಹೋಗಿ ಸೋತಿತ್ತು. ಮನೆಗೆ, ಮನೆಯಲ್ಲಿ, ಮನೆಯಿಂದ ಎಂದು ಮನೆಯ ಮತ ಒಡೆದಂತೆಯೇ ಇದೂ. ಆದರೆ ಅಲ್ಲಿ ಸೇರಿಸಿದರೆ ಯಾರಿಗೂ ನಷ್ಟವಿರಲಿಲ್ಲ, ಇಲ್ಲಿ ಇದೆ. ಮೂರನ್ನೂ ಸೇರಿಸಿ, ಹೆಚ್ಚು ಮತ ಬಿದ್ದ "ಈರುಳ್ಳಿ"ಯ ಹೆಸರಿನಲ್ಲಿ ಇಟ್ಟರೆ ವಸ್ತು ಪಟ್ಟಿಗೆ ಬರುತ್ತದೆ, ಉಳ್ಳಾಗಡ್ಡಿ ಹೋಗುತ್ತದೆ. ನಮ್ಮ ತರಗತಿಯಲ್ಲಿ ಕಲಬುರಗಿಯ ಅಜ್ಜಿಯಿರುವ ಮಕ್ಕಳು ಇಬ್ಬರೇ. ಅವರಿಬ್ಬರು ನಮ್ಮ ಪಟ್ಟಿಯನ್ನು ಉರುಹೊಡೆದು ಊರಿಗೆ ಹೋದರೆ, ನನ್ನ ಮಗಳು ಸೌಟಿನ ಮುಂದೆ ನಿಂತಂತೆ ಉಳ್ಳಾಗಡ್ಡಿಯ ಮುಂದೆ ನಿಲ್ಲುತ್ತಾರೆ. ಈ ಸಲ ತಪ್ಪು ಪತ್ರಿಕೆಯದಲ್ಲ, ಬಹುಮತದ್ದು.

ನಾನು ವೃತ್ತಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಅಳೆಯದೆ ಏನನ್ನೂ ನಂಬಬೇಡ ಎಂದು ಕಲಿತವನು, ಕಲಿಸುವವನು. ಆಫೀಸಿನಲ್ಲಿ ಕಷ್ಟದ ತೀರ್ಮಾನವಿದ್ದಾಗ ಒಂದು ಸಂಖ್ಯೆಯನ್ನು ಮುಂದೆ ತಳ್ಳಿ ಅದರ ಹಿಂದೆ ನಿಲ್ಲುವುದು ನನಗೆ ಚೆನ್ನಾಗಿ ಗೊತ್ತು. "ಇದು ನನ್ನ ಅಭಿಪ್ರಾಯವಲ್ಲ, ಡೇಟಾ ಹೀಗೆ ಹೇಳುತ್ತಿದೆ" ಎಂದರೆ ಯಾರೂ ಮುಖ ಕೆಡಿಸಿಕೊಳ್ಳುವುದಿಲ್ಲ. ಪದಪಟ್ಟಿಯಲ್ಲಿ ನಾನು ಮಾಡಿದ್ದೂ ಅದೇ. ಈ ಪದ ಎಷ್ಟು ಸಲ ಬಂದಿದೆ ಎಂಬುದು ಸಂಗತಿ. ಈ ಮಗುವಿಗೆ ಈ ಪದ ಕಲಿಸಬೇಕು ಎಂಬುದು ತೀರ್ಮಾನ. ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವ ದಾರಿಯಲ್ಲಿ ಯಾರಾದರೊಬ್ಬರು ಹೊಣೆ ಹೊತ್ತಿರಲೇಬೇಕು. ನಾನು ಹೊತ್ತಿರಲಿಲ್ಲ, ಎಣಿಕೆಯ ತಲೆಗೆ ಕಟ್ಟಿದ್ದೆ.

ಹಾಗೆಂದು ಎಣಿಕೆಯನ್ನೇ ಬಿಟ್ಟು, ಅನುಭವಿಗಳು ಆರಿಸಲಿ ಎನ್ನಲೂ ನನಗೆ ಮನಸ್ಸಿಲ್ಲ. ಅನುಭವಿಗಳು ಆರಿಸಿದ ಪುಸ್ತಕಗಳಲ್ಲೇ ನಾವೆಲ್ಲ ಕಲಿತದ್ದು. ಅಕ್ಷರ ಕಲಿಯುವ ಮೊದಲ ತಿಂಗಳಲ್ಲೇ ಐರಾವತ, ಋಷಿ ನಮಗೆ ಪರಿಚಯವಾದರು. ಐರಾವತವನ್ನು ನಾನು ಆಮೇಲೆ ಬಳಸಿದ್ದು ಬಸ್ಸಿನ ಟಿಕೆಟ್ ತೆಗೆಯುವಾಗ ಮಾತ್ರ. ಅಕ್ಷರಮಾಲೆಗೆ ಬೇಕಾದ ಪದ ಬೇರೆ, ಬದುಕಿಗೆ ಬೇಕಾದ ಪದ ಬೇರೆ ಎಂದು ತೋರಿಸಿಕೊಟ್ಟದ್ದು ಎಣಿಕೆಯೇ. ಬರೆಯುವವರ ರುಚಿಗೆ ಅದು ಒಂದು ಕಡಿವಾಣ. ಇಂಗ್ಲಿಷ್ ಕಲಿಯುವವರಿಗಾಗಿ 1953ರಲ್ಲಿ ಸುಮಾರು 2000 ಪದಗಳ ಪ್ರಸಿದ್ಧ ಪಟ್ಟಿ ಪ್ರಕಟಿಸಿದ ಮೈಕೆಲ್ ವೆಸ್ಟ್, ಅದಕ್ಕೂ ಹಿಂದೆ ಢಾಕಾದಲ್ಲಿ ಬಂಗಾಳಿ ಮಕ್ಕಳ ಶಿಕ್ಷಣದಲ್ಲಿ ಕೆಲಸ ಮಾಡಿದ್ದವರು. ಅವರು ಎಣಿಕೆಯನ್ನು ತಳಹದಿಯಾಗಿ ಇಟ್ಟುಕೊಂಡರು, ಆದರೆ ಅದರ ಮೇಲೆ ಈ ಪದ ಅಗತ್ಯವೇ, ಕಲಿಯಲು ಸುಲಭವೇ, ಇದರ ಕೆಲಸವನ್ನು ಇನ್ನೊಂದು ಪದ ಮಾಡುತ್ತದೆಯೇ ಎಂಬ ಪ್ರಶ್ನೆಗಳನ್ನೂ ಕೇಳಿದರು. ಅಂಥ ಪಟ್ಟಿ ಸಾಮಾನ್ಯ ಇಂಗ್ಲಿಷ್ ಬರಹದ ನೂರರಲ್ಲಿ ಸುಮಾರು 80 ಪದಗಳನ್ನು ಒಳಗೊಳ್ಳುತ್ತದೆ. ಅಷ್ಟು ಕಡಿಮೆ ಶ್ರಮಕ್ಕೆ ಅಷ್ಟು ಫಲ ಬೇರೆ ದಾರಿಯಲ್ಲಿ ಸಿಗದು. ಉಳಿದ 20ರಲ್ಲೇ ಆ ಬರಹ ಯಾವುದರ ಬಗ್ಗೆ ಎಂಬುದು ಅಡಗಿರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ನಾವು ಕೊನೆಗೆ ಮಾಡಿಕೊಂಡ ಏರ್ಪಾಡು ಹೀಗಿದೆ. ಕ್ರಿಯಾಪದ, ಸರ್ವನಾಮ, ಪ್ರಶ್ನೆಯ ಪದಗಳನ್ನು ಎಣಿಕೆಯಿಂದ ತೆಗೆದುಕೊಂಡೆವು. ಅಲ್ಲಿ ಎಣಿಕೆ ನಂಬಿಕಸ್ತ. ಪತ್ರಿಕೆಯ ಬದಲು ಮಕ್ಕಳ ಕಥೆಗಳಿಂದ, ಒಪ್ಪಿಗೆ ಪಡೆದು ಮುದ್ರಿಸಿಕೊಂಡ ಮನೆಮಾತುಗಳಿಂದ ಎಣಿಸಿದೆವು. ವಸ್ತುಗಳ ಹೆಸರುಗಳನ್ನು ಮನೆಯವರು ಬರೆದ ಹಾಳೆಗಳಿಂದ ತೆಗೆದುಕೊಂಡೆವು. ಒಂದು ವಸ್ತುವಿಗೆ ಹಲವು ಹೆಸರಿದ್ದರೆ ವಸ್ತುವನ್ನು ಒಂದಾಗಿ ಎಣಿಸಿ, ಆ ಸಾಲಿನಲ್ಲಿ ಎಲ್ಲ ಹೆಸರನ್ನೂ ಇಟ್ಟೆವು. ಪ್ರತಿ ಮಗುವೂ ತನ್ನ ಅಜ್ಜಿಯ ಪದವನ್ನು ಆಡಲು ಕಲಿಯುತ್ತದೆ, ಉಳಿದವನ್ನು ಕೇಳಿದರೆ ಗುರುತಿಸಲು ಕಲಿಯುತ್ತದೆ. ಪಟ್ಟಿ ಉದ್ದವಾಯಿತು, ನೋಡಲು ಅಚ್ಚುಕಟ್ಟಾಗಿಲ್ಲ. ಯಾವ ಪದ ಯಾಕೆ ಬಂತು ಎಂದು ಪಕ್ಕದಲ್ಲಿ ಬರೆದಿದ್ದೇವೆ: ಎಣಿಕೆಯಿಂದ, ಹಾಳೆಯಿಂದ, ಇಲ್ಲವೇ ನಮ್ಮ ತೀರ್ಮಾನದಿಂದ. ಮೂರನೆಯದು ಇರುವಲ್ಲಿ ತೀರ್ಮಾನಿಸಿದವರ ಹೆಸರೂ ಇದೆ.

ನನ್ನ ಹೆಸರಿನ ಮುಂದೆ ಒಂದೇ ನಮೂದು ಇದೆ. ಅದು ಪದವೂ ಅಲ್ಲ, ಎರಡು ಪದ: "ಹಂಗಂದ್ರೆ ಏನು?" ಪತ್ರಿಕೆಯಲ್ಲಿ ಇದು ಬರುವುದೇ ಅಪರೂಪ. ಹಾಳೆಗಳಲ್ಲೂ ಯಾರೂ ಬರೆದಿರಲಿಲ್ಲ, ಭಾಷೆ ಬಲ್ಲವರಿಗೆ ಅದರ ನೆನಪು ಯಾಕೆ ಬರಬೇಕು? ಅದನ್ನು ಮೊದಲ ಪುಟದ ಮೊದಲ ಸಾಲಿನಲ್ಲಿ ಇಟ್ಟಿದ್ದೇನೆ. ದಸರಾ ರಜೆಗೆ ಮಗಳು ಮತ್ತೆ ಅರಸೀಕೆರೆಗೆ ಹೋದಳು. ಅಮ್ಮ ಈ ಸಲ ಸೌಟು ಕೇಳಲಿಲ್ಲ, ಇಕ್ಕಳ ಕೇಳಿದಳಂತೆ. ಇಕ್ಕಳ ನಮ್ಮ ಯಾವ ಪಟ್ಟಿಯಲ್ಲೂ ಇಲ್ಲ. ಮಗಳು, "ಹಂಗಂದ್ರೆ ಏನಜ್ಜಿ?" ಎಂದಳಂತೆ. ಅಮ್ಮ ಒಲೆ ಸಣ್ಣ ಮಾಡಿ, ಇಕ್ಕಳವನ್ನು ತೆಗೆದು ತೋರಿಸಿ, ಅದರ ಪಕ್ಕದಲ್ಲಿ ನೇತುಹಾಕಿದ್ದ ಒಂದೊಂದರ ಹೆಸರನ್ನೂ ಹೇಳುತ್ತಾ ಹೋದಳಂತೆ. ಅವತ್ತು ಸಾರು ಸ್ವಲ್ಪ ತಳ ಹಿಡಿಯಿತು ಎಂದು ಫೋನಿನಲ್ಲಿ ಹೇಳಿದಳು.